ಅವಳಿಗೆ ಕನ್ನಡ ಬರುತ್ತದೆ, ಓದಲು ಬರುವುದಿಲ್ಲ: ಮಗಳ ಶಾಲೆಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯೋಪಾಧ್ಯಾಯಿನಿಯವರಿಗೆ ಮತ್ತು ಕನ್ನಡ ವಿಭಾಗದ ಶಿಕ್ಷಕರಿಗೆ ನಮಸ್ಕಾರ.

ನಾನು ನಿಮ್ಮ ಶಾಲೆಯ ಐದನೇ ತರಗತಿಯ ಒಬ್ಬಳು ಹುಡುಗಿಯ ಅಪ್ಪ. ಈ ವರ್ಷ ಮೇ ತಿಂಗಳಲ್ಲಿ ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಬೆಂಗಳೂರಿಗೆ ಮರಳಿದೆವು. ಹೋದಾಗ ಮಗಳಿಗೆ ಮೂರೂವರೆ ವರ್ಷ, ಈಗ ಹತ್ತು. ಅಲ್ಲಿನ ಪ್ರಾಥಮಿಕ ಶಾಲೆ ನಾಲ್ಕು ವರ್ಷದ್ದು. ಅದರ ಕೊನೆಯ ವರ್ಷದವರೆಗೆ ಓದಿ ಬಂದಿದ್ದಾಳೆ. ಮನೆಯಲ್ಲಿ ನಾವು ಆಡುವುದು ಕನ್ನಡ, ಅವಳು ಅಜ್ಜಿಯ ಜೊತೆ ಜಗಳವಾಡುವುದೂ ಕನ್ನಡದಲ್ಲೇ. ಆದರೆ ಜೂನ್‌ನಲ್ಲಿ ನಿಮ್ಮ ಶಾಲೆಗೆ ಸೇರಿದಾಗ ಅವಳಿಗೆ ಕನ್ನಡದ ಒಂದಕ್ಷರವೂ ಗೊತ್ತಿರಲಿಲ್ಲ. ಅದು ನಮ್ಮ ತಪ್ಪು. ಅಲ್ಲಿದ್ದಾಗ ಕಲಿಸಬಹುದಿತ್ತು, ಕಲಿಸಲಿಲ್ಲ.

ಈ ಪತ್ರವನ್ನು ನಿಮ್ಮ ಕೈಗೆ ಮಾತ್ರ ಕೊಟ್ಟು ಸುಮ್ಮನಿರಬಹುದಿತ್ತು. ಆದರೆ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಹೀಗೆ ಹೊರದೇಶದಿಂದ ಬಂದ ಇನ್ನೆರಡು ಮಕ್ಕಳಿದ್ದಾರೆ, ಬೇರೆ ಬೇರೆ ಶಾಲೆಗಳಲ್ಲಿ. ಮೂರೂ ಮನೆಗಳಲ್ಲಿ ಸಂಜೆ ನಡೆಯುವ ಕತೆ ಒಂದೇ. ಅದಕ್ಕೇ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ. ಶಾಲೆಯ ಹೆಸರು ಬರೆದಿಲ್ಲ, ಯಾರ ಮೇಲೂ ದೂರಿಲ್ಲ.

ಜುಲೈ ಮೂರನೇ ವಾರ ಅವಳ ಕನ್ನಡ ನೋಟ್‌ಬುಕ್ ತೆರೆದು ನೋಡಿದೆ. ಪಾಠ ಎರಡರ ಪ್ರಶ್ನೋತ್ತರ, ಎರಡು ಪುಟ, ಅಂದವಾದ ದುಂಡು ಅಕ್ಷರ. ಕೆಳಗೆ ಕೆಂಪು ಶಾಯಿಯಲ್ಲಿ ‘ವೆರಿ ಗುಡ್’ ಮತ್ತು ಒಂದು ನಕ್ಷತ್ರ. ನನಗೆ ಆಶ್ಚರ್ಯವೂ ಆಯಿತು, ಹೆಮ್ಮೆಯೂ ಆಯಿತು. “ಇದನ್ನ ಓದು ನೋಡೋಣ” ಅಂದೆ. ಅವಳು ನನ್ನ ಮುಖ ನೋಡಿದಳು. “ಅಪ್ಪ, ಮಿಸ್ ಬರ್ಕೊಳಿ ಅಂದ್ರು, ಓದಿ ಅನ್ಲಿಲ್ಲ.”

ಮತ್ತೆ ಸೂಕ್ಷ್ಮವಾಗಿ ನೋಡಿದೆ. ‘ಮರದ ಮೇಲೆ’ ಎಂಬುದು ‘ಮರ ದಮೇಲೆ’ ಆಗಿತ್ತು. ಬೋರ್ಡಿನಲ್ಲಿ ಎರಡು ಪದಗಳ ನಡುವೆ ಜಾಗ ಎಲ್ಲಿ ಬಿಟ್ಟಿದೆ ಎನ್ನುವುದು ಪದ ಗೊತ್ತಿದ್ದವರಿಗೆ ತಾನೇ ಕಾಣುವುದು! ಅವಳು ಬರೆಯುವುದನ್ನೇ ಪಕ್ಕದಲ್ಲಿ ಕೂತು ನೋಡಿದೆ. ಒಂದೊಂದು ಅಕ್ಷರಕ್ಕೂ ಮೂರು ಸಲ ಪುಸ್ತಕ ನೋಡುತ್ತಿದ್ದಳು. ಗ ಬರೆಯುವಾಗ ಮೊದಲು ಕೆಳಗಿನ ಕಮಾನು, ಆಮೇಲೆ ಮೇಲೆ ತಲಕಟ್ಟು. ಮರು ಸಾಲಿನ ಗ ಬಂದಾಗ ತಲಕಟ್ಟಿನಿಂದ ಶುರು. ಅದು ಬರವಣಿಗೆಯಲ್ಲ, ಚಿತ್ರ ಬಿಡಿಸುವುದು. ಚಿತ್ರ ಚೆನ್ನಾಗಿ ಬಿಡಿಸುತ್ತಾಳೆ, ಆ ನಕ್ಷತ್ರ ಸಿಕ್ಕಿದ್ದು ಅದಕ್ಕೆ.

ಅರ್ಧವಾರ್ಷಿಕ ಪರೀಕ್ಷೆಗೆ ಟ್ಯೂಷನ್ ಮೇಡಂ ಹೇಳಿಕೊಟ್ಟದ್ದೂ ಇದೇ ವಿದ್ಯೆಯ ಮುಂದಿನ ಹಂತ. ಪ್ರಶ್ನೆಯ ಮೊದಲ ಪದದ ಆಕಾರ ನೆನಪಿಟ್ಟುಕೊಳ್ಳುವುದು, ಅದಕ್ಕೆ ಹೊಂದುವ ಉತ್ತರದ ಚಿತ್ರವನ್ನು ಇಳಿಸುವುದು. ಪ್ರಶ್ನೆಪತ್ರಿಕೆಯಲ್ಲಿ ಎರಡು ಪ್ರಶ್ನೆಗಳು ‘ಯಾರು’ ಎಂದೇ ಶುರುವಾಗಿದ್ದವು. ಎರಡಕ್ಕೂ ಒಂದೇ ಉತ್ತರ ಬರೆದು ಬಂದಳು. ಆದರೂ ಪಾಸಾದಳು. ಮಾರ್ಕ್ಸ್ ಕಾರ್ಡ್ ನೋಡಿದವರಿಗೆ ಅವಳು ಕನ್ನಡದಲ್ಲಿ ಸ್ವಲ್ಪ ಹಿಂದಿರುವ ಮಗು, ಅಷ್ಟೇ. ಓದಲೇ ಬಾರದ ಮಗು ಎಂದು ಆ ಅಂಕದಿಂದ ಯಾರಿಗೂ ಗೊತ್ತಾಗುವುದಿಲ್ಲ.

ಪೋಷಕರ ಸಭೆಯಲ್ಲಿ ಕನ್ನಡ ಮೇಡಂ ನನ್ನನ್ನು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. “ಸರ್, ಮನೇಲಿ ಕನ್ನಡಾನೇ ಮಾತಾಡ್ತೀರಿ, ಕ್ಲಾಸಲ್ಲೂ ಚೆನ್ನಾಗಿ ಮಾತಾಡ್ತಾಳೆ, ಮತ್ತೆ ಓದೋಕ್ಕೇನು ಕಷ್ಟ?” ಮೂವತ್ತೆಂಟು ಮಕ್ಕಳಿರುವ ತರಗತಿಯಲ್ಲಿ, ನಲವತ್ತು ನಿಮಿಷದ ಪೀರಿಯಡ್‌ನಲ್ಲಿ, ಕೈ ಎತ್ತಿ ಕತೆಯ ಅರ್ಥ ಹೇಳುವ ಮಗುವಿಗೆ ಓದಲು ಬರುವುದಿಲ್ಲ ಎಂದು ಊಹಿಸುವುದು ಕಷ್ಟ. ಈ ಪ್ರಶ್ನೆಗೆ ಆವತ್ತು ನನ್ನ ಹತ್ತಿರ ಉತ್ತರವಿರಲಿಲ್ಲ. ಈಗ ಕೊಂಚ ಇದೆ.

ಮೊದಲನೆಯದು, ಪುಸ್ತಕದ ಕನ್ನಡ ಅವಳ ಕಿವಿಯ ಕನ್ನಡವಲ್ಲ. ಅವಳ ಬಾಯಲ್ಲಿರುವುದು ಬರ್ತಾನೆ, ಹೋಗ್ಬೇಕು, ಅವ್ನಿಗೆ, ನೋಡ್ಕೊಂಡು. ಪುಸ್ತಕದಲ್ಲಿರುವುದು ಬರುತ್ತಾನೆ, ಹೋಗಬೇಕು, ಅವನಿಗೆ, ನೋಡಿಕೊಂಡು. ಅಕ್ಷರ ಕಲಿತ ಮೇಲೂ ‘ಬ, ರು, ತ್ತಾ, ನೆ’ ಎಂದು ಒಂದೊಂದಾಗಿ ಕೂಡಿಸಿ ಕೊನೆಗೆ ಬರುವ ಪದ ಅವಳಿಗೆ ಹೊಸದು. ಜರ್ಮನ್ ಓದಲು ಕಲಿಯುವಾಗ ಅಕ್ಷರ ಕೂಡಿಸಿದೊಡನೆ ಶಾಲೆಯಲ್ಲಿ ದಿನವೂ ಕೇಳಿದ ಪದ ಸಿಗುತ್ತಿತ್ತು, ಮುಖ ಅರಳುತ್ತಿತ್ತು. ಇಲ್ಲಿ ಕೂಡಿಸಿದ ಮೇಲೂ ನನ್ನನ್ನೇ ನೋಡುತ್ತಾಳೆ. “ಬರ್ತಾನೆ ಅಂತ ಕಣೇ” ಎಂದರೆ, “ಮತ್ತೆ ಹಾಗೇ ಬರೀಬಹುದಿತ್ತಲ್ಲ?” ಎನ್ನುತ್ತಾಳೆ. ಇಲ್ಲೇ ಬೆಳೆದ ಮಗುವಿಗೆ ಟೀಚರ್ ಗಟ್ಟಿಯಾಗಿ ಓದಿದ್ದನ್ನು ನಾಲ್ಕು ವರ್ಷ ಕೇಳಿ ಈ ಎರಡನೇ ಕನ್ನಡವೂ ಕಿವಿಗೆ ಬಿದ್ದಿರುತ್ತದೆ. ಇವಳಿಗೆ ಆ ನಾಲ್ಕು ವರ್ಷ ಇಲ್ಲ.

ಎರಡನೆಯದು ಲಿಪಿ. ವರ್ಣಮಾಲೆಯಲ್ಲಿ ನಲವತ್ತೊಂಬತ್ತು ಅಕ್ಷರ ಎಂದು ನಾವು ಹೇಳುತ್ತೇವೆ. ಆದರೆ ಮಗುವಿನ ಕಣ್ಣಿಗೆ ಬೀಳುವುದು ಅಷ್ಟೇ ಅಲ್ಲ. ಮೂವತ್ನಾಲ್ಕು ವ್ಯಂಜನಕ್ಕೂ ಕಾಗುಣಿತ ಹಚ್ಚಿದರೆ ನಾನೂರಕ್ಕೂ ಹೆಚ್ಚು ರೂಪಗಳು, ಅವುಗಳ ಮೇಲೆ ಒತ್ತು. ಕನ್ನಡ ಮಕ್ಕಳ ಓದಿನ ಬಗ್ಗೆ ಕೆಲಸ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಲ್ಲಿನ ಮಕ್ಕಳಿಗೂ ಈ ಅಕ್ಷರಗಳೆಲ್ಲ ಕೈವಶವಾಗಲು ನಾಲ್ಕನೇ ತರಗತಿ ದಾಟುತ್ತದೆ ಎಂದು ಕಂಡುಬಂದಿತ್ತು. ಅಂದರೆ ಐದನೇ ತರಗತಿಯ ಉಳಿದ ಮಕ್ಕಳು ಈಗಷ್ಟೇ ಹತ್ತಿ ಮುಗಿಸಿದ ಬೆಟ್ಟದ ಬುಡದಲ್ಲಿ ಇವಳು ನಿಂತಿದ್ದಾಳೆ.

ಅವಳ ತಪ್ಪುಗಳನ್ನು ಒಂದು ತಿಂಗಳು ಬರೆದಿಟ್ಟೆ. ಅವು ಎಲ್ಲೆಂದರಲ್ಲಿ ಆಗುವ ತಪ್ಪುಗಳಲ್ಲ. ‘ಹಾವು’ ಎಂಬುದನ್ನು ‘ಹಾಮ’ ಎಂದು ಬರೆದಳು, ‘ಹೂವು’ ಎಂಬುದನ್ನು ‘ಹೂಮ’ ಎಂದು. ತಲೆ ಕೆಡಿಸಿಕೊಂಡು ನೋಡಿದರೆ ತಪ್ಪು ಅವಳದ್ದಲ್ಲ, ನಿಯಮದ್ದು. ಕು, ಗು, ನು ಬರೆಯುವಾಗ ಕೊಂಬು ಅಕ್ಷರದ ಬಲಕ್ಕೆ ಕೂರುತ್ತದೆ. ಅದೇ ಲೆಕ್ಕದಲ್ಲಿ ವ ಪಕ್ಕಕ್ಕೆ ಕೊಂಬು ಹಚ್ಚಿದಳು, ಅದು ಮ ಆಯಿತು. ಹಾಗಾಗಬಾರದೆಂದೇ ಪು, ವುಗಳಲ್ಲಿ ಕೊಂಬು ಕೆಳಕ್ಕೆ ಇಳಿದಿರುವುದು. ಇದನ್ನು ಎರಡು ನಿಮಿಷ ಹೇಳಿದರೆ ಸಾಕು, ಮತ್ತೆ ತಪ್ಪುವುದಿಲ್ಲ. ಆದರೆ ನೋಟ್‌ಬುಕ್‌ನಲ್ಲಿ ‘ಹಾಮ’ಕ್ಕೆ ಕೆಂಪು ಗೆರೆ ಎಳೆದು ಐದು ಸಲ ‘ಹಾವು’ ಬರೆಸಿದರೆ, ಐದು ಚಿತ್ರ ಬರೆಯುತ್ತಾಳೆ, ಮುಂದಿನ ವಾರ ‘ಮಾವು’ ತಪ್ಪುತ್ತಾಳೆ.

ಇನ್ನೊಂದು, ಪಾಠದ ಸಾಲುಗಳ ಮೇಲೆ ಪೆನ್ಸಿಲ್‌ನಲ್ಲಿ ಸಣ್ಣಗೆ ರೋಮನ್ ಅಕ್ಷರದಲ್ಲಿ ಬರೆದುಕೊಳ್ಳುತ್ತಾಳೆ, ಅದೂ ಜರ್ಮನ್ ಕಾಗುಣಿತದಲ್ಲಿ. ಜರ್ಮನ್‌ನಲ್ಲಿ ನಮ್ಮ ಒಂದು ಜ ಬರೆಯಲು ಡಿ, ಎಸ್, ಸಿ, ಎಚ್ ನಾಲ್ಕೂ ಬೇಕು. ‘ಜನ’ ಎಂಬ ಎರಡಕ್ಷರದ ಮೇಲೆ ಏಳಕ್ಷರದ ಮೆರವಣಿಗೆ! ನೋಡಿ ನಕ್ಕೆ. ಆದರೆ ಈ ಊರುಗೋಲಿನಿಂದ ಕೆಡುಕೂ ಇದೆ. ರೋಮನ್‌ನಲ್ಲಿ ಬರೆದಾಗ ಹಲ್ಲಿಯೂ ಹಳ್ಳಿಯೂ ಒಂದೇ, ಮನೆಯೂ ಮಣೆಯೂ ಒಂದೇ. ಬಾಯಲ್ಲಿ ಲ-ಳ, ನ-ಣ ಎಂದೂ ತಪ್ಪದ ಹುಡುಗಿ ಉಕ್ತಲೇಖನದಲ್ಲಿ ‘ಅಜ್ಜಿಯ ಹಲ್ಲಿಗೆ ಹೋದೆ’ ಎಂದು ಬರೆದಳು. ದಯವಿಟ್ಟು ರೋಮನ್‌ನಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿ ಎಂದು ಯಾರೂ ಇಂಥ ಮಕ್ಕಳಿಗೆ ಹೇಳಬೇಡಿ. ಪದ್ಯ ಕಂಠಪಾಠ ಸ್ಪರ್ಧೆಗೆ ಅದು ಸರಿಹೋದೀತು, ಓದು ಅದರಿಂದ ಬರುವುದಿಲ್ಲ.

ಇನ್ನು ನಾನು ಏನು ಕೇಳುತ್ತಿದ್ದೇನೆ ಎಂಬುದಕ್ಕೆ ಬರುತ್ತೇನೆ. ಏನು ಕೇಳುತ್ತಿಲ್ಲ ಎಂಬುದನ್ನು ಮೊದಲು ಹೇಳಿಬಿಡುವೆ. ವಿನಾಯಿತಿ ಬೇಡ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಿಂದ ರಾಜ್ಯದ ಶಾಲೆಗಳಲ್ಲಿ ಕನ್ನಡ ಕಡ್ಡಾಯವಾದದ್ದು ನನಗೆ ಸಂತೋಷದ ವಿಷಯ. ಕಚೇರಿಯ ಪರಿಚಯದವರೊಬ್ಬರು “ಏನಾದರೂ ಮಾಡಿ ಎಕ್ಸೆಂಪ್ಷನ್ ತಗೊಳ್ಳಿ, ಪರ್ಸೆಂಟೇಜ್ ಹಾಳಾಗುತ್ತೆ” ಎಂದರು. ಜಯನಗರದಲ್ಲಿ ಹುಟ್ಟಿದ ಮಗುವಿಗೆ ಕನ್ನಡದಿಂದ ವಿನಾಯಿತಿ ಕೇಳುವಷ್ಟು ಗಟ್ಟಿ ಮುಖ ನನಗಿಲ್ಲ. ಹಾಗೆಯೇ ಅವಳನ್ನು ಕನ್ನಡ ಪೀರಿಯಡ್‌ಗೆ ಒಂದನೇ ತರಗತಿಯಲ್ಲಿ ಕೂರಿಸುವ ಸಲಹೆಯೂ ಬೇಡ. ಹತ್ತು ವರ್ಷದವಳು ಆರು ವರ್ಷದವರ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತರೆ, ಮೊದಲು ಕಲಿಯುವುದು ಕನ್ನಡ ಎಂದರೆ ನಾಚಿಕೆ ಎಂಬುದನ್ನು.

ಬೇಕಿರುವುದು ಮೊದಲಿಗೆ ಇಪ್ಪತ್ತು ನಿಮಿಷದ ಒಂದು ಪರಿಶೀಲನೆ, ಹೊರಗಿನಿಂದ ಬಂದ ಪ್ರತಿ ಮಗುವಿಗೂ, ಸೇರಿದ ಮೊದಲ ವಾರದಲ್ಲೇ. ಒಂದು ಕತೆ ಓದಿ ಹೇಳಿ ಅರ್ಥ ಕೇಳಿ. ಬಿಡಿ ಅಕ್ಷರ ತೋರಿಸಿ. ಹತ್ತು ಪದ ಉಕ್ತಲೇಖನ ಕೊಡಿ. ಕೊನೆಗೆ ‘ಗಸರ’, ‘ದಮಬ’ದಂಥ ಅರ್ಥವಿಲ್ಲದ ನಾಲ್ಕು ಪದ ಓದಿಸಿ. ಈ ಕೊನೆಯದನ್ನು ಬಿಡಬೇಡಿ, ಊಹಿಸಿ ಓದುವ ಮಗು ಸಿಕ್ಕಿಬೀಳುವುದು ಅಲ್ಲೇ. ನನ್ನ ಮಗಳು ‘ನಗರ’ ಸರಿಯಾಗಿ ಓದಿ, ‘ಗರನ’ ತೋರಿಸಿದಾಗಲೂ ‘ನಗರ’ ಎಂದಳು. ಕತೆ ಅರ್ಥವಾಗಿ ಅಕ್ಷರ ಬಾರದಿದ್ದರೆ ಒಂದು ದಾರಿ, ಕತೆಯೇ ಅರ್ಥವಾಗದಿದ್ದರೆ ಬೇರೆ ದಾರಿ. ನಮ್ಮ ಮೂರನೇ ಮಹಡಿಯ ಹುಡುಗ ಅಮೆರಿಕದಿಂದ ಬಂದವನು, ಅವನಿಗೆ ಕನ್ನಡದ ಮಾತೇ ಬರುವುದಿಲ್ಲ. ಅವನಿಗೆ ಬೇಕಾದ್ದು ಮೊದಲು ಮಾತು, ಆಟ, ಗೆಳೆಯರು. ‘ಎನ್‌ಆರ್‌ಐ ಮಕ್ಕಳು’ ಎಂದು ಇಬ್ಬರನ್ನೂ ಒಂದೇ ಬ್ಯಾಚಿಗೆ ಹಾಕಿದರೆ ಒಬ್ಬರಿಗೆ ಬೇಸರ, ಇನ್ನೊಬ್ಬರಿಗೆ ದಿಗಿಲು.

ಆಮೇಲೆ, ವಾರದ ಐದು ಕನ್ನಡ ಪೀರಿಯಡ್‌ಗಳಲ್ಲಿ ಮೂರನ್ನು ಅವಳಿಗೆ ಪ್ರತ್ಯೇಕವಾಗಿ, ಲೈಬ್ರರಿಯ ಮೂಲೆಯಲ್ಲಾದರೂ ಸರಿ, ಓದು-ಬರಹಕ್ಕೆ ಕೊಡಿ. ಉಳಿದ ಎರಡರಲ್ಲಿ ತನ್ನ ತರಗತಿಯಲ್ಲೇ ಕೂತು ಪಾಠ ಕೇಳಲಿ, ಬಾಯಲ್ಲಿ ಉತ್ತರ ಹೇಳಲಿ. ಪುಸ್ತಕದ ಕನ್ನಡ ಕಿವಿಗೆ ಬೀಳುವುದು ಅಲ್ಲೇ, ಅದು ತಪ್ಪಬಾರದು. ಸ್ಟುಟ್‌ಗಾರ್ಟ್‌ನ ಶಾಲೆಗಳಲ್ಲಿ ಜರ್ಮನ್ ಬಾರದ ಮಕ್ಕಳಿಗೆ ಪೂರ್ವಸಿದ್ಧತಾ ತರಗತಿ ಎಂದೇ ಇದೆ. ಭಾಷೆ ಅಲ್ಲಿ ಕಲಿಯುತ್ತಾರೆ, ಆಟ, ಸಂಗೀತ, ಚಿತ್ರಕಲೆಗೆ ಉಳಿದವರ ಜೊತೆ ಸೇರುತ್ತಾರೆ. ಅಲ್ಲಿನದೆಲ್ಲ ಶ್ರೇಷ್ಠ ಎಂದು ಹೇಳುವವನು ನಾನಲ್ಲ, ಇದೊಂದು ಮಾತ್ರ ಚೆನ್ನಾಗಿತ್ತು.

ಕಲಿಸುವ ಕ್ರಮಕ್ಕೆ ಜರ್ಮನಿಗೆ ಹೋಗಬೇಕಿಲ್ಲ, ಹೆಗ್ಗಡದೇವನಕೋಟೆ ಸಾಕು. 1995ರಲ್ಲಿ ಆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಶುರುವಾದ ನಲಿ-ಕಲಿಯಲ್ಲಿ ಕಲಿಕಾ ಏಣಿ ಎಂದೊಂದಿದೆ. ಪ್ರತಿ ಮಗು ತನ್ನ ಮೆಟ್ಟಿಲಿನಲ್ಲಿ ನಿಂತಿರುತ್ತದೆ, ಪಕ್ಕದವನು ಎಲ್ಲಿದ್ದಾನೆ ಎಂಬುದು ಮುಖ್ಯವಲ್ಲ. ಅಲ್ಲಿ ಅಕ್ಷರ ಶುರುವಾಗುವುದು ಅ, ಆ, ಇ, ಈ ಎಂದಲ್ಲ. ರ, ಗ, ಸ, ದ, ಅ. ಈ ಐದು ಬಂದರೆ ಸರ, ದರ, ರಸ, ಅಗಸ, ಅರಸ, ಗರಗಸ ಅದೇ ದಿನ ಓದಬಹುದು. ವರ್ಣಮಾಲೆಯ ಕ್ರಮ ಉಚ್ಚಾರಣೆಯ ಶಾಸ್ತ್ರಕ್ಕೆ ಅದ್ಭುತ, ಆದರೆ ಓದಲು ಕಾತರಿಸುವ ಹತ್ತು ವರ್ಷದವಳಿಗೆ ಮೊದಲ ವಾರಗಳಲ್ಲೇ ಋ, ಐ, ಔ, ಙ ತಿದ್ದಿಸಿದರೆ, ಅವುಗಳಿಂದ ಕಟ್ಟಲು ಪದ ಎಲ್ಲಿದೆ? ಟ್ಯೂಷನ್‌ನಲ್ಲಿ ಒಂದೂವರೆ ತಿಂಗಳು ಅದೇ ಆಯಿತು. ಬಿಡಿಸಿ, ಮನೆಯಲ್ಲಿ ಐದೈದು ಅಕ್ಷರದಂತೆ ನಾನೇ ಶುರು ಮಾಡಿದೆ.

ಕಾಗುಣಿತವನ್ನೂ ‘ಕ, ಕಾ, ಕಿ, ಕೀ’ ಎಂದು ಅಡ್ಡಡ್ಡ ಓಡಿಸುವ ಬದಲು ಒಂದೊಂದು ಗುರುತನ್ನು ಹಿಡಿದು ಉದ್ದಕ್ಕೆ ಹೋದರೆ ಇಂಥ ಮಕ್ಕಳಿಗೆ ಬೇಗ ಹತ್ತುತ್ತದೆ. ಒಂದು ವಾರ ಬರೀ ಇಳಿ: ಕಾ, ಗಾ, ರಾ, ಸಾ, ದಾ. ಮುಂದಿನ ವಾರ ಗುಡಿಸು. ಒತ್ತಕ್ಷರದಲ್ಲಿ ಮನೆಯವರೇ ಮೊದಲ ಪಾಠ: ಅಪ್ಪ, ಅಕ್ಕ, ಅಣ್ಣ, ಅಜ್ಜ. ಪ ಕೆಳಗೆ ಪ ಥರದ್ದೇ ಒತ್ತು, ಕ ಕೆಳಗೆ ಕ ಥರದ್ದೇ. ಅಮ್ಮ ಈ ಪಟ್ಟಿಯಲ್ಲಿ ಕೊನೆಗೆ ಬರಬೇಕು (ನನ್ನ ಹೆಂಡತಿಗೆ ಇದು ಇನ್ನೂ ಸಮಾಧಾನವಿಲ್ಲ), ಏಕೆಂದರೆ ತ, ನ, ಮ, ಯ, ರ, ಲ ಈ ಆರರ ಒತ್ತಿಗೂ ಮೂಲ ಅಕ್ಷರಕ್ಕೂ ಮುಖಪರಿಚಯವೇ ಇಲ್ಲ, ಪ್ರತ್ಯೇಕ ಕಲಿಯಬೇಕು. ಎಲ್ಲದರ ಕೊನೆಗೆ ಅರ್ಕಾವೊತ್ತು. ‘ಸೂರ್ಯ’ದಲ್ಲಿ ಕಿವಿಗೆ ಮೊದಲು ಬೀಳುವ ರ ಕಾರ, ಬರೆದಾಗ ಯ ಆದ ಮೇಲೆ ನಿಂತಿರುತ್ತದೆ. ಎಡದಿಂದ ಬಲಕ್ಕೆ ನಂಬಿ ಬಂದ ಮಗುವಿಗೆ ಅದು ವಿಶ್ವಾಸದ್ರೋಹದಂತೆ.

ಹೋದ ಭಾನುವಾರ ಹಸಿರು ಮಾರ್ಗದ ಮೆಟ್ರೋದಲ್ಲಿ ಹೋಗುತ್ತಿದ್ದೆವು. ‘ಜಯನಗರ’ ಬಂತು. ಗುಡಿಸಿಲ್ಲ, ಕೊಂಬಿಲ್ಲ, ಒತ್ತಿಲ್ಲ, ಐದೂ ತಲಕಟ್ಟಿನ ಅಕ್ಷರ. ಒಂದೇ ಉಸಿರಿಗೆ ಓದಿದಳು, ಇಡೀ ಬೋಗಿಗೆ ಕೇಳುವಂತೆ. ಮುಂದಿನದು ‘ರಾಷ್ಟ್ರೀಯ ವಿದ್ಯಾಲಯ ರಸ್ತೆ’. ‘ರಾ’ ಎಂದು ಶುರು ಮಾಡಿದವಳು ಷ, ಅದರ ಕೆಳಗೆ ಟ, ಅದರ ಕೆಳಗೆ ರ, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ ಎಲ್ಲವನ್ನೂ ನೋಡುತ್ತಿರುವಾಗಲೇ ಬಾಗಿಲು ಮುಚ್ಚಿಕೊಂಡಿತು. “ಇದು ಲೆವೆಲ್ ಟೆನ್” ಅಂದಳು. ಬನಶಂಕರಿ ಬಂದಾಗ ಶಂ ಹತ್ತಿರ ಒಮ್ಮೆ ತಡೆದು ದಾಟಿದಳು. ಅವಳು ಈಗ ಎಲ್ಲಿದ್ದಾಳೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇದೇ: ಜಯನಗರ ದಾಟಿದೆ, ಬನಶಂಕರಿ ಹತ್ತಿರದಲ್ಲಿದೆ, ನಡುವಿನ ಸ್ಟೇಷನ್ ಬಾಕಿ. ನಿಮ್ಮ ಯೂನಿಟ್ ಟೆಸ್ಟ್ ಇಷ್ಟನ್ನೂ ಹೇಳುವುದಿಲ್ಲ.

ಅದಕ್ಕೇ ಕೊನೆಯ ಕೋರಿಕೆ ಮೌಲ್ಯಮಾಪನದ್ದು. ಈ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಪಾಠದ ಪ್ರಶ್ನೆಗಳಿಗೆ ಅವಳ ಉತ್ತರ ಬಾಯಲ್ಲಿ ಕೇಳಿ. ಬರವಣಿಗೆಯನ್ನು ಅವಳು ಕಲಿತ ಅಕ್ಷರಗಳಲ್ಲೇ ಪರೀಕ್ಷಿಸಿ: ತಿಂಗಳಿಗೊಮ್ಮೆ ಹಿಂದೆ ನೋಡಿರದ ಹತ್ತು ಪದಗಳ ಉಕ್ತಲೇಖನ, ಎರಡನೇ ತರಗತಿಯ ಪುಸ್ತಕದಿಂದ ಹೊಸದೊಂದು ಪ್ಯಾರಾದ ಓದು. ಬೋರ್ಡಿನಿಂದ ಪ್ರಶ್ನೋತ್ತರ ಇಳಿಸುವ ಕೆಲಸ ಮಾತ್ರ ಸದ್ಯಕ್ಕೆ ಬಿಡಿಸಿ. ಆ ಹೊತ್ತಿನಲ್ಲಿ ಅವಳೇ ಎರಡು ವಾಕ್ಯ ಹೇಳಲಿ, ಮೇಡಂ ಅದನ್ನು ಎರಡು ಸಾಲಾಗಿ ಬರೆದುಕೊಡಲಿ, ಮೇಲೆ ಅವಳು ಹೇಳಿದಂತೆ ‘ನಾನು ನಾಳೆ ಬರ್ತೀನಿ’, ಕೆಳಗೆ ‘ನಾನು ನಾಳೆ ಬರುತ್ತೇನೆ’. ಮನೆಯಲ್ಲಿ ಇದನ್ನು ಮಾಡುತ್ತಿದ್ದೇನೆ. ಇಪ್ಪತ್ತು ಜೋಡಿ ಆದ ಮೇಲೆ ಇಪ್ಪತ್ತೊಂದನೆಯದನ್ನು ತಾನೇ ಬದಲಿಸಿದಳು.

ಇದಕ್ಕೆಲ್ಲ ಮಿತಿ ಇದೆ. ದಸರಾ ರಜೆ ಮುಗಿದ ಮೇಲೆ ಮಾರ್ಚ್‌ವರೆಗೆ ಸಿಗುವುದು ಸುಮಾರು ಇಪ್ಪತ್ತು ವಾರ. ಅಷ್ಟರಲ್ಲಿ ಕಾಗುಣಿತ ಗಟ್ಟಿಯಾಗಿ, ಸಾಮಾನ್ಯ ಒತ್ತುಗಳು ಬಂದರೆ ದೊಡ್ಡದು. ಐದನೇ ತರಗತಿಯ ಪ್ರಬಂಧ ಅವಳು ಈ ವರ್ಷ ಬರೆಯುವುದಿಲ್ಲ. ಪದ್ಯಗಳ ಹಳೆಯ ಪದಗಳು ಅವಳಿಗೆ ಇನ್ನೂ ಕೆಲ ಕಾಲ ಒಗಟೇ. ಮೂರು ಪೀರಿಯಡ್‌ಗೆ ಒಬ್ಬ ಶಿಕ್ಷಕರನ್ನು ಬಿಡಿಸುವುದು ನಿಮಗೂ ಸುಲಭವಲ್ಲ, ಟೈಮ್‌ಟೇಬಲ್ ಕಷ್ಟ ನನಗೆ ಅರ್ಥವಾಗುತ್ತದೆ. ಇಂಥ ಮಕ್ಕಳು ನಿಮ್ಮಲ್ಲಿ ಇನ್ನೂ ನಾಲ್ಕೈದು ಮಂದಿ ಇದ್ದರೆ, ನಾಲ್ಕನೇ ತರಗತಿಯಾಗಲಿ ಆರನೆಯದಾಗಲಿ, ಒಟ್ಟಿಗೆ ಕೂರಿಸಬಹುದು. ಏಣಿ ಇದ್ದರೆ ತರಗತಿ ಬೇರೆಯಾದರೂ ಅಡ್ಡಿಯಿಲ್ಲ. ಮನೆಯಲ್ಲಿ ದಿನಕ್ಕೆ ಹದಿನೈದು ನಿಮಿಷ ನನ್ನದು, ಅದನ್ನು ತಪ್ಪಿಸಿಲ್ಲ. ಮಿಂಚುಪಟ್ಟಿ ಮಾಡುವುದಿದ್ದರೆ, ಪದಗಳ ಪಟ್ಟಿ ಟೈಪ್ ಮಾಡುವುದಿದ್ದರೆ ಶನಿವಾರ ಬಂದು ಮಾಡಿಕೊಡುತ್ತೇನೆ.

ರಜೆ ಮುಗಿದ ಮೊದಲ ಸೋಮವಾರ ಅರ್ಧ ಗಂಟೆ ಕೊಡಿ. ಕನ್ನಡ ಮೇಡಂ ಕೂಡ ಇರಲಿ. ಆ ನಕ್ಷತ್ರದ ಪುಟ ಇರುವ ನೋಟ್‌ಬುಕ್, ತಪ್ಪುಗಳನ್ನು ಬರೆದಿಟ್ಟ ಹಾಳೆ ಎರಡನ್ನೂ ತರುತ್ತೇನೆ.

ಇತಿ ನಮಸ್ಕಾರಗಳೊಂದಿಗೆ,
ಐದನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಂದೆ
ಜಯನಗರ, ಬೆಂಗಳೂರು